ಫೋಟೋದಲ್ಲಿರುವ ಗೋಳದ ಲೆಕ್ಕ: P ಹತ್ತಿರ ಫೀಲ್ಡ್ 0, 3600, ಇಲ್ಲ 28800?

ಸೆಕೆಂಡ್ ಪಿಯು, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಟ್ಯೂಷನ್‌ನಲ್ಲಿ ಕೊಟ್ಟ ಜೆರಾಕ್ಸ್ ಹಾಳೆಯ ಫೋಟೋ ಹಾಕಿದ್ದೇನೆ. ಹಾಳೆ ಸ್ನೇಹಿತೆಯ ಹತ್ತಿರ ಇದೆ. ಬಿಎಂಟಿಸಿ ಬಸ್‌ನಲ್ಲಿ ಕೂತು ತೆಗೆದು ಕಳಿಸಿದ್ದಾಳೆ, ಅದಕ್ಕೇ ಸ್ವಲ್ಪ ಓರೆ. ಮೇಲಿನ ಸಾಲಿನ ಮೇಲೆ ಕೈಯ ನೆರಳು ಬಿದ್ದಿದೆ, ಗೋಳ ಯಾವ ಥರದ್ದು ಅಂತ ಹೇಳುವ ಪದಗಳು ಓದಲು ಆಗುತ್ತಿಲ್ಲ.

ಚಿತ್ರ (a)ನಲ್ಲಿ ಕಾಣುವುದು ಇಷ್ಟು. ದೊಡ್ಡ ವೃತ್ತ, ಪಕ್ಕದಲ್ಲಿ R = 10 cm. ಒಳಗೆ ಚುಕ್ಕಿ ಗೆರೆಯ ಚಿಕ್ಕ ವೃತ್ತ, r = 5 cm, ಅದರ ಮೇಲೆ P ಎನ್ನುವ ಬಿಂದು. ಕೆಳಗೆ Q = 8 nC. ಅಂಚಿನ ಉದ್ದಕ್ಕೂ + ಗುರುತು ಚೆನ್ನಾಗಿ ಕಾಣುತ್ತದೆ. ನಡುವೆಯೂ ಏನೋ ಮಸುಕಾಗಿ ಇದೆ, ಅದು + ಗುರುತೋ ಜೆರಾಕ್ಸ್ ಕಲೆಯೋ ಗೊತ್ತಾಗುತ್ತಿಲ್ಲ. ಬಲಗಡೆ ಇನ್ನೊಂದು ಚಿಕ್ಕ p ಥರ ಅಕ್ಷರ ಇದೆ. ಅದರ ಮುಂದೆ 1.91 × 10⁻⁶ C/m, ಆಮೇಲೆ ಮೇಲ್ಗಡೆ ಒಂದು ಅಂಕಿ. 2 ಅನ್ನಿಸುತ್ತದೆ, 3 ಕೂಡ ಇರಬಹುದು.

P ಹತ್ತಿರ, ಗೋಳದ ಮೇಲ್ಮೈ ಹತ್ತಿರ, ಮತ್ತೆ 20 cm ದೂರದಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು ಅನ್ನುವುದು ಪ್ರಶ್ನೆ. P ಬಗ್ಗೆ ನಮ್ಮ ಗುಂಪಿನಲ್ಲಿ ಮೂರು ಉತ್ತರ ಬಂದಿವೆ: 0, 3600, 28800. ಯಾವುದು ಸರಿ, ಯಾಕೆ ಸರಿ ಅಂತ ಹೇಳುತ್ತೀರಾ?

ಕೆಸಿಇಟಿ ಗುರಿ

0. ಚಾರ್ಜ್ ಆದ ಗೋಳದ ಒಳಗೆ ಫೀಲ್ಡ್ ಯಾವಾಗಲೂ ಸೊನ್ನೆ. ಚಾರ್ಜ್ ಎಲ್ಲಾ ಮೇಲ್ಮೈಗೆ ಓಡಿಹೋಗುತ್ತದೆ. ಅದಕ್ಕೇ ಅಂಚಿನಲ್ಲಿ + ಹಾಕಿರುವುದು. ಮಸುಕಾಗಿರುವುದು ಕಲೆ.

ಐದನೇ ಸೆಮ್, ಇಇ

3600. ಇದು ಘನ ಗೋಳ, ಚಾರ್ಜ್ ಒಳಗೆಲ್ಲಾ ಸಮನಾಗಿ ತುಂಬಿದೆ. ತ್ರಿಜ್ಯ ಅರ್ಧ ಆದರೆ ಗಾತ್ರ ಎಂಟನೇ ಒಂದು ಭಾಗ. ಹಾಗಾಗಿ ಚುಕ್ಕಿ ವೃತ್ತದ ಒಳಗೆ 8 nCಯಲ್ಲಿ 1 nC ಮಾತ್ರ ಇದೆ.

```
E = k q / r²
  = (9×10⁹ × 1×10⁻⁹) / (0.05)²
  = 3600 N/C
```

28800 ಬಂದವರು ಒಳಗಿನ 1 nC ಬದಲು ಪೂರ್ತಿ 8 nC ಹಾಕಿದ್ದಾರೆ. ಗಾಸ್ ನಿಯಮದಲ್ಲಿ ಒಳಗಿರುವ ಚಾರ್ಜ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೇಲ್ಮೈಯ ಹೊರಗಿನ ಚಾರ್ಜ್‌ನಿಂದ ಫೀಲ್ಡ್ ಬರುವುದೇ ಇಲ್ಲ.

ಕೆಸಿಇಟಿ ಗುರಿ

ಘನ ಗೋಳ ಅಂತ ನಿಮಗೆ ಹೇಗೆ ಗೊತ್ತಾಯಿತು? ಮೊದಲ ಸಾಲು ಕಾಣುವುದೇ ಇಲ್ಲವಲ್ಲ. ಲೋಹದ ಗೋಳ ಕೂಡ ಘನವಾಗಿರಬಹುದು, ಅಲ್ವಾ?

ಪೀಣ್ಯ ಕೋಟಿಂಗ್

ನಾನು ಪಾಠ ಹೇಳುವವನಲ್ಲ. ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಕೆಲಸ. ಗನ್‌ನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ಪೌಡರ್ ಚಾರ್ಜ್ ಆಗಿ ಅರ್ತ್ ಮಾಡಿದ ಲೋಹಕ್ಕೆ ಅಂಟುತ್ತದೆ. ಕಂಟ್ರೋಲ್ ಪ್ಯಾನಲ್ ಡಬ್ಬದ ಒಳಮೂಲೆಗೆ ಪೌಡರ್ ಹೋಗುವುದೇ ಇಲ್ಲ, ಅಂಚಿನಲ್ಲೇ ದಪ್ಪ ಕೂರುತ್ತದೆ. ಒಳಗೆ ಫೀಲ್ಡ್ ಇಲ್ಲ ಅನ್ನುವುದು ಇದೇನಾ? ಹಾಗಿದ್ದರೆ 0 ಅನ್ನುವ ಉತ್ತರ ನನಗೆ ಸರಿ ಕಾಣುತ್ತದೆ.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಕೆಸಿಇಟಿ ಗುರಿಯವರ ಪ್ರಶ್ನೆಯಿಂದಲೇ ಶುರು ಮಾಡೋಣ. ಗೋಳ ಯಾವ ಥರದ್ದು ಅಂತ ಗೊತ್ತಾಗದೆ ಮುಂದೆ ಹೋದರೆ ಲೆಕ್ಕ ಎಷ್ಟು ಚೆನ್ನಾಗಿ ಮಾಡಿದರೂ ಪ್ರಯೋಜನ ಇಲ್ಲ. ಮಸುಕು ಗುರುತು ನೋಡಿ ತೀರ್ಮಾನ ಮಾಡಬೇಡಿ. ಇದೇ ಫೋಟೋದಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಇದೆ.

ನೋಡಮ್ಮ, ಬಲಗಡೆ ಇರುವ ಆ ಚಿಕ್ಕ p ಇಂಗ್ಲಿಷ್ ಅಕ್ಷರ ಅಲ್ಲ, ρ ಇರಬೇಕು. ಅದು ನಿಜವೇ ಅಂತ ಅಂಕಿಗಳಿಂದಲೇ ಪರೀಕ್ಷೆ ಮಾಡಬಹುದು. Q ಕೊಟ್ಟಿದ್ದಾರೆ, R ಕೊಟ್ಟಿದ್ದಾರೆ. ಚಾರ್ಜನ್ನು ಒಮ್ಮೆ ಗಾತ್ರದಿಂದ ಭಾಗಿಸು, ಇನ್ನೊಮ್ಮೆ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸು.

```
ಗಾತ್ರ     = (4/3)π(0.1)³ = 4.19×10⁻³ m³
Q/ಗಾತ್ರ   = 8×10⁻⁹ / 4.19×10⁻³ = 1.91×10⁻⁶ C/m³

ಮೇಲ್ಮೈ    = 4π(0.1)² = 0.126 m²
Q/ಮೇಲ್ಮೈ  = 8×10⁻⁹ / 0.126 = 6.4×10⁻⁸ C/m²
```

ಹಾಳೆಯಲ್ಲಿ 1.91 × 10⁻⁶ ಅಂತ ಅಚ್ಚಾಗಿದೆ. ಗಾತ್ರದಿಂದ ಭಾಗಿಸಿದ್ದು ಸರಿಯಾಗಿ ಕೂರುತ್ತದೆ, ಮೇಲ್ಮೈಯದ್ದು ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಆ ಮಸುಕು ಅಂಕಿ 3. ಚಾರ್ಜ್ ಗೋಳದ ಒಳಗೆಲ್ಲಾ ಹರಡಿದೆ. ಲೋಹದಲ್ಲಿ ಹೀಗೆ ನಿಲ್ಲುವುದಿಲ್ಲ, ಆದ್ದರಿಂದ ಇದು ಅವಾಹಕ. ನಡುವೆ ಮಸುಕಾಗಿ ಕಾಣುವುದು + ಗುರುತುಗಳೇ.

ಲೋಹದ ಗೋಳ ಆಗಿದ್ದರೆ 0 ಅನ್ನುವುದು ಪೂರ್ತಿ ಸರಿ. ಆದರೆ 'ಯಾವಾಗಲೂ' ಅನ್ನುವ ಮಾತು ಬಿಡಬೇಕು. ಲೋಹದೊಳಗೆ ಫೀಲ್ಡ್ ಉಳಿದಿದ್ದರೆ ಎಲೆಕ್ಟ್ರಾನ್‌ಗಳು ಇನ್ನೂ ಓಡುತ್ತಿರುತ್ತವೆ. ಓಟ ನಿಂತ ಮೇಲೆ ಒಳಗೆ ಸೊನ್ನೆ. ಅವಾಹಕದಲ್ಲಿ ಚಾರ್ಜ್ ಇಟ್ಟ ಜಾಗದಲ್ಲೇ ಕೂತಿರುತ್ತದೆ, ಆ ಕಾರಣ ಇಲ್ಲಿ ಇಲ್ಲ.

ಪೀಣ್ಯ ಕೋಟಿಂಗ್

ಇದು ನನಗೆ ಅರ್ಥ ಆಯಿತು ಸರ್. ಡಬ್ಬ ಲೋಹದ್ದು, ಪೌಡರ್ ಅವಾಹಕ. ಪೌಡರ್ ಪದರ ದಪ್ಪ ಆದರೆ ಮುಂದಿನ ಪೌಡರ್ ಕೂರುವುದಿಲ್ಲ, ಮೇಲೆ ಚಿಕ್ಕ ಚಿಕ್ಕ ಗುಳಿ ಬೀಳುತ್ತದೆ. ಪ್ರತಿ ಕಣದ ಚಾರ್ಜೂ ಅಲ್ಲೇ ಉಳಿದುಕೊಂಡಿರುವುದರಿಂದ ಹಾಗೆ ಅಂತ ನಮ್ಮ ಸೂಪರ್‌ವೈಸರ್ ಹೇಳುತ್ತಿದ್ದರು.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಅವರು ಹೇಳಿದ್ದು ಸರಿ. ಪದರದೊಳಗೆ ಚಾರ್ಜ್ ಸೇರುತ್ತಾ ಹೋದಂತೆ ಅಲ್ಲಿ ಫೀಲ್ಡ್ ಜಾಸ್ತಿ ಆಗುತ್ತದೆ, ಕೊನೆಗೆ ಪದರದಲ್ಲಿರುವ ಗಾಳಿಯೇ ಒಡೆದು ಗುಳಿ ಬೀಳುತ್ತದೆ. ಚಾರ್ಜ್ ತುಂಬಿದ ಅವಾಹಕದೊಳಗೆ ಫೀಲ್ಡ್ ಇರುತ್ತದೆ ಅನ್ನುವುದನ್ನು ನೀವು ದಿನಾ ಕಣ್ಣಾರೆ ನೋಡುತ್ತಿದ್ದೀರಿ. ಡಬ್ಬದ ಮೂಲೆಯ ವಿಷಯ ಬೇರೆ. ಗನ್‌ನಿಂದ ಹೊರಟ ಬಲರೇಖೆಗಳು ಹತ್ತಿರ ಸಿಗುವ ಅಂಚಿನಲ್ಲೇ ಮುಗಿದುಹೋಗುತ್ತವೆ, ಮೂಲೆಗೆ ಬಹಳ ಕಡಿಮೆ ಹೋಗುತ್ತವೆ. ಬಾಯಿ ತೆರೆದ ಡಬ್ಬ ಆದ್ದರಿಂದ ಪೂರ್ತಿ ಸೊನ್ನೆ ಅನ್ನಲು ಬರುವುದಿಲ್ಲ.

ಸೆಕೆಂಡ್ ಪಿಯು, ಬಸವನಗುಡಿ

ಸರ್, ಅಂಕಿಯಿಂದ ಚಿತ್ರ ಪರೀಕ್ಷೆ ಮಾಡಬಹುದು ಅಂತ ಹೊಳೆದೇ ಇರಲಿಲ್ಲ. ಹಾಗಾದರೆ 3600 ಸರಿ. ಆದರೆ ನನಗೆ ಒಂದು ಜಾಗ ಅರ್ಥ ಆಗುತ್ತಿಲ್ಲ. ಗಾಸ್ ನಿಯಮ ಹೇಳುವುದು ಫ್ಲಕ್ಸ್ ಬಗ್ಗೆ. ಫ್ಲಕ್ಸ್ ಅಂದರೆ ಇಡೀ ಚುಕ್ಕಿ ಗೋಳದ ಮೇಲೆ ಕೂಡಿಸಿದ್ದು. ಅದರಿಂದ P ಎನ್ನುವ ಒಂದೇ ಬಿಂದುವಿನ ಫೀಲ್ಡ್ ಹೇಗೆ ಬಂತು? 'ಸಮಮಿತಿಯಿಂದ' ಅಂತ ನೋಟ್ಸ್‌ನಲ್ಲಿ ಒಂದೇ ಪದ ಇದೆ.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಲೆಕ್ಕದ ಅರ್ಧ ಭಾಗ ಆ ಒಂದು ಪದದಲ್ಲೇ ಇದೆ. ನಿಧಾನವಾಗಿ ನೋಡೋಣ.

ಮೊದಲು ದಿಕ್ಕು. ಕೇಂದ್ರ O ಮತ್ತು P ಸೇರಿಸಿ ಒಂದು ಗೆರೆ ಎಳೆ. P ಹತ್ತಿರ ಫೀಲ್ಡ್ ಆ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ವಾಲಿದೆ ಅಂದುಕೊ. ಈಗ ಇಡೀ ಗೋಳವನ್ನು ಅದೇ ಗೆರೆಯ ಸುತ್ತ ತಿರುಗಿಸು. P ಕದಲುವುದಿಲ್ಲ, ಯಾಕೆಂದರೆ ಅದು ಗೆರೆಯ ಮೇಲೇ ಇದೆ. ಚಾರ್ಜ್ ಎಲ್ಲಾ ಕಡೆ ಸಮನಾಗಿರುವುದರಿಂದ ಗೋಳ ತಿರುಗಿದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ವಾಲಿದ ಫೀಲ್ಡ್ ಗೋಳದ ಜೊತೆ ತಿರುಗಿ ಇನ್ನೊಂದು ಪಕ್ಕಕ್ಕೆ ವಾಲಬೇಕಾಗುತ್ತದೆ. ಅದೇ ಚಾರ್ಜ್, ಅದೇ ಬಿಂದು, ಎರಡು ಬೇರೆ ಬೇರೆ ಫೀಲ್ಡ್. ಹಾಗೆ ಆಗಲು ಸಾಧ್ಯ ಇಲ್ಲ. ಆದ್ದರಿಂದ ಫೀಲ್ಡ್ OP ಗೆರೆಯಲ್ಲೇ ಇರಬೇಕು.

ಆಮೇಲೆ ಪ್ರಮಾಣ. ಚುಕ್ಕಿ ಗೋಳದ ಮೇಲೆ ಇನ್ನೊಂದು ಬಿಂದು ತಗೋ. ಗೋಳವನ್ನು O ಸುತ್ತ ತಿರುಗಿಸಿ P ಇದ್ದ ಜಾಗಕ್ಕೆ ಅದನ್ನು ತರಬಹುದು. ಚಾರ್ಜ್ ಬದಲಾಗಲಿಲ್ಲ, ಹಾಗಾಗಿ ಎರಡೂ ಕಡೆ ಫೀಲ್ಡ್ ಒಂದೇ ಅಳತೆ ಇರಬೇಕು.

ಈ ಎರಡು ಮಾತು ಗಟ್ಟಿಯಾದ ಮೇಲೆ ಫ್ಲಕ್ಸ್ ಸುಲಭ. ಎಲ್ಲಾ ಕಡೆ ಒಂದೇ E, ಎಲ್ಲಾ ಕಡೆ ಮೇಲ್ಮೈಗೆ ನೇರ. ಕೂಡಿಸುವ ಕೆಲಸ ಬರೀ ಗುಣಾಕಾರ ಆಗಿಬಿಡುತ್ತದೆ.

```
ಫ್ಲಕ್ಸ್ = E × 4πr² = q(ಒಳಗೆ)/ε₀
       = 1×10⁻⁹ / 8.85×10⁻¹² = 113 N·m²/C
4πr²   = 4π(0.05)² = 0.0314 m²
E      = 113 / 0.0314 = 3600 N/C
```

ಒಳಗಿನ ಚಾರ್ಜ್ r³ ಜೊತೆ ಬೆಳೆಯುತ್ತದೆ, ವಿಸ್ತೀರ್ಣ r² ಜೊತೆ. ಭಾಗಿಸಿದರೆ ಒಂದು r ಉಳಿಯುತ್ತದೆ. ಅದಕ್ಕೇ ಒಳಗೆ ಫೀಲ್ಡ್ ನೇರ ಗೆರೆಯಲ್ಲಿ ಏರುತ್ತದೆ. ಈ ಗೋಳದಲ್ಲಿ ಪ್ರತಿ ಸೆಂಟಿಮೀಟರ್‌ಗೆ 720. ಕೇಂದ್ರದಲ್ಲಿ 0, 5 cm ಹತ್ತಿರ 3600, ಮೇಲ್ಮೈಯಲ್ಲಿ 7200. ಹೊರಗೆ ಬಂದ ಮೇಲೆ ಒಳಗಿನ ಚಾರ್ಜ್ 8 nCಗೆ ನಿಂತುಬಿಡುತ್ತದೆ, ವಿಸ್ತೀರ್ಣ ಮಾತ್ರ ಬೆಳೆಯುತ್ತಾ ಹೋಗುತ್ತದೆ. 20 cm ಹತ್ತಿರ 1800.

ಮೇಲ್ಮೈ ಹತ್ತಿರ ಒಳಗಿನಿಂದ ಬಂದರೂ ಹೊರಗಿನಿಂದ ಬಂದರೂ 7200 ಸಿಗಬೇಕು. ಸಿಗದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತ ಅರ್ಥ. ಆದರೆ 28800 ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಒಳಗೂ ಪೂರ್ತಿ 8 nC ಹಾಕಿದರೂ ಮೇಲ್ಮೈಯಲ್ಲಿ 7200 ಬರುತ್ತದೆ. ಅದು ತಪ್ಪು ಅಂತ ಕಂಡುಹಿಡಿಯಲು ಕೇಂದ್ರವನ್ನು ನೋಡಬೇಕು. ಅದೇ ದಾರಿಯಲ್ಲಿ ಕೇಂದ್ರಕ್ಕೆ ಹೋದರೆ ಫೀಲ್ಡ್ ಅನಂತ ಆಗುತ್ತದೆ. ಆದರೆ ಕೇಂದ್ರದ ಸುತ್ತ ಎಲ್ಲಾ ಕಡೆ ಸಮನಾಗಿ ಚಾರ್ಜ್ ಇದೆ. ಅಲ್ಲಿ ಫೀಲ್ಡ್ ಯಾವ ದಿಕ್ಕಿಗೆ ತಿರುಗುತ್ತದೆ ಹೇಳು?

ಯಲಹಂಕ ಅಮ್ಮ

ನನ್ನ ಮಗನೂ ಇದೇ ಹಾಳೆ ಮಾಡುತ್ತಿದ್ದಾನೆ. ಅವನಿಗೆ ಕೊನೆಯದು 800 ಬಂದಿದೆ. ಹೊರಗಿನ ಸೂತ್ರವನ್ನೇ ಹಾಕಿದ್ದಾನಂತೆ. ಒಳಗೆ ಹೊರಗೆ ಅನ್ನುವುದು ಅವನಿಗೆ ಸರಿಯಾಗಿ ತಿಳಿದಿಲ್ಲ ಅಂತ ಕಾಣುತ್ತದೆ. ಯಾವ ಪುಸ್ತಕ ಕೊಡಿಸಲಿ?

ಐದನೇ ಸೆಮ್, ಇಇ

ಪುಸ್ತಕ ಬೇಡ ಮೇಡಂ, ಅವನಿಗೆ ವಿಷಯ ಗೊತ್ತಿದೆ. 20 cm ಅನ್ನು ಮೇಲ್ಮೈಯಿಂದ ಅಳೆದಿದ್ದಾನೆ. ಆಗ ಕೇಂದ್ರದಿಂದ 30 cm ಆಗುತ್ತದೆ, 72 ಭಾಗಿಸು 0.09, ಸರಿಯಾಗಿ 800. ಸೂತ್ರದ r ಕೇಂದ್ರದಿಂದ ಅಳೆಯುವುದು. ಪ್ರಶ್ನೆಯಲ್ಲಿ 'ಕೇಂದ್ರದಿಂದ' ಅಂತ ಇದೆಯಾ 'ಮೇಲ್ಮೈಯಿಂದ' ಅಂತ ಇದೆಯಾ ನೋಡಲು ಹೇಳಿ. ಫೋಟೋದಲ್ಲಿ ಆ ಪದ ಅರ್ಧ ಮುಚ್ಚಿದೆ.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಇಇ ಅವರೇ, ನಿಮ್ಮ 3600 ಸರಿ. ಆದರೆ ನೀವು ಕೊಟ್ಟ ಕಾರಣದ ಕೊನೆಯ ವಾಕ್ಯ ಬದಲಾಗಬೇಕು. 'ಹೊರಗಿನ ಚಾರ್ಜ್‌ನಿಂದ ಫೀಲ್ಡ್ ಬರುವುದೇ ಇಲ್ಲ' ಅಂದಿದ್ದೀರಿ. ಖಾಲಿ ಜಾಗದಲ್ಲಿ 5 cm ತ್ರಿಜ್ಯದ ಕಾಲ್ಪನಿಕ ಗೋಳ ಇಟ್ಟುಕೊಳ್ಳಿ. ಅದರ ಕೇಂದ್ರದಿಂದ 10 cm ದೂರದಲ್ಲಿ 1 nC ಇಡಿ. ಗೋಳದ ಒಳಗೆ ಚಾರ್ಜ್ ಇಲ್ಲ, ಒಟ್ಟು ಫ್ಲಕ್ಸ್ ಸೊನ್ನೆ. ಆದರೆ ಕೇಂದ್ರದಲ್ಲಿ ಫೀಲ್ಡ್ 900 ಇದೆ. ಹೊರಗಿನ ಚಾರ್ಜ್‌ನಿಂದ ಎಷ್ಟು ಫ್ಲಕ್ಸ್ ಒಳಗೆ ಬಂತೋ ಅಷ್ಟೇ ಹೊರಗೆ ಹೋಯಿತು ಅಂತಷ್ಟೇ ಗಾಸ್ ನಿಯಮ ಹೇಳುತ್ತದೆ.

ಐದನೇ ಸೆಮ್, ಇಇ

ಒಪ್ಪುತ್ತೇನೆ ಸರ್. ಹಾಗಾದರೆ ನಮ್ಮ ಗೋಳದಲ್ಲಿ 5ರಿಂದ 10 cm ನಡುವಿನ 7 nC ಯಾಕೆ P ಹತ್ತಿರ ಏನೂ ಮಾಡುವುದಿಲ್ಲ? P ಪಕ್ಕದಲ್ಲೇ ಚಾರ್ಜ್ ಇದೆ, ಎದುರುಗಡೆಯದು ತುಂಬಾ ದೂರ. ಹತ್ತಿರದ್ದು ಗೆಲ್ಲಬೇಕಲ್ಲವಾ?

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಆ 7 nCಯನ್ನು ತೆಳು ಚಿಪ್ಪುಗಳಾಗಿ ಬಿಡಿಸಿ, ಒಂದು ಚಿಪ್ಪು ಮಾತ್ರ ನೋಡಿ. P ಆ ಚಿಪ್ಪಿನ ಒಳಗಿದೆ. P ಮೂಲಕ ತುಂಬಾ ಸಪೂರ ಜೋಡಿ ಶಂಕು ಎಳೆಯಿರಿ, ಒಂದು ಹತ್ತಿರದ ಗೋಡೆಗೆ, ಇನ್ನೊಂದು ನೇರ ಎದುರಿನ ಗೋಡೆಗೆ. ಎದುರಿನ ಗೋಡೆ 3 ಪಟ್ಟು ದೂರ ಇದ್ದರೆ ಅಲ್ಲಿ ಶಂಕು ಕತ್ತರಿಸುವ ತುಂಡು 9 ಪಟ್ಟು ದೊಡ್ಡದು, ಚಾರ್ಜ್ 9 ಪಟ್ಟು. ಆದರೆ ದೂರದಿಂದ ಬಲ 9 ಪಟ್ಟು ಕಡಿಮೆ. ಎರಡೂ ಸಮ, ದಿಕ್ಕು ಎದುರುಬದುರು. ಎಲ್ಲಾ ದಿಕ್ಕಿಗೂ ಹೀಗೇ ಜೋಡಿ ಜೋಡಿಯಾಗಿ ಹೊಡೆದುಹೋಗುತ್ತದೆ.

ಐದನೇ ಸೆಮ್, ಇಇ

ಗೋಡೆ ಓರೆಯಾಗಿದ್ದರೆ ತುಂಡು ಇನ್ನೂ ಉದ್ದ ಆಗುತ್ತದಲ್ಲ ಸರ್. ಎರಡು ಕಡೆ ಓರೆ ಬೇರೆ ಬೇರೆ ಆದರೆ?

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಕೇಳಬೇಕಾದ ಪ್ರಶ್ನೆ. ಗೋಳದಲ್ಲಿ ಯಾವ ಜ್ಯಾ ಎಳೆದರೂ ಅದರ ಎರಡು ತುದಿ ಮತ್ತು ಕೇಂದ್ರ ಸೇರಿ ಸಮದ್ವಿಬಾಹು ತ್ರಿಕೋನ ಆಗುತ್ತದೆ, ಎರಡು ಬದಿಯೂ ತ್ರಿಜ್ಯ. ಹಾಗಾಗಿ ಎರಡು ತುದಿಯಲ್ಲೂ ಓರೆ ಒಂದೇ. ಮೊಟ್ಟೆ ಆಕಾರದ ಚಿಪ್ಪಿನಲ್ಲಿ ಚಾರ್ಜನ್ನು ಎಲ್ಲಾ ಕಡೆ ಒಂದೇ ಸಮ ಬಳಿದರೆ ಈ ಮಾತು ನಿಲ್ಲುವುದಿಲ್ಲ.

ಸೆಕೆಂಡ್ ಪಿಯು, ಬಸವನಗುಡಿ

ಈಗ ಚಿತ್ರ (b) ಕೂಡ ಹಾಕಿದ್ದೇನೆ. ಅದೇ ಹಾಳೆಯ ಕೆಳಭಾಗ, ಅಳತೆ ಎಲ್ಲಾ ಅದೇ. ಆದರೆ ಒಳಗಿನ ವೃತ್ತ ಬಲಕ್ಕೆ ಸರಿದಿದೆ, ಸುಮಾರು 3 cmನಷ್ಟು. ಅದರೊಳಗೆ + ಗುರುತು ಕಾಣುತ್ತಿಲ್ಲ. ಫೋಟೋ ಓರೆ ಇರುವುದಕ್ಕೆ ಹಾಗೆ ಕಾಣುತ್ತಿದೆಯಾ? ಪ್ರಶ್ನೆ ಪೂರ್ತಿ ಕತ್ತರಿಸಿ ಹೋಗಿದೆ.

ಕೆಸಿಇಟಿ ಗುರಿ

ಓರೆಯೇ ಇರಬೇಕು. ಒಳಗಿನ ವೃತ್ತ ಯಾವಾಗಲೂ ನಡುವೆಯೇ ಇರುತ್ತದೆ.

ಐದನೇ ಸೆಮ್, ಇಇ

ಫೋನ್ ಓರೆ ಹಿಡಿದರೆ ಹೊರಗಿನ ವೃತ್ತವೂ ಚಪ್ಪಟೆ ಆಗಬೇಕು. ಫೋಟೋ ದೊಡ್ಡದು ಮಾಡಿ ಸ್ಕೇಲ್ ಇಟ್ಟು ನೋಡಿದೆ. ಹೊರಗಿನದು ಅಗಲಕ್ಕೂ ಎತ್ತರಕ್ಕೂ ಸ್ವಲ್ಪವೇ ವ್ಯತ್ಯಾಸ, ಹೆಚ್ಚುಕಡಿಮೆ ದುಂಡಗಿದೆ. ಇಷ್ಟು ಓರೆಗೆ ಒಳಗಿನ ವೃತ್ತ ತ್ರಿಜ್ಯದ ಮೂರನೇ ಒಂದು ಭಾಗದಷ್ಟು ಸರಿಯುವುದಿಲ್ಲ. ಅಚ್ಚಿನಲ್ಲೇ ಪಕ್ಕಕ್ಕಿದೆ.

ಸೆಕೆಂಡ್ ಪಿಯು, ಬಸವನಗುಡಿ

ಪಕ್ಕಕ್ಕಿದ್ದರೆ ಗಾಸ್ ನಿಯಮ ಕೆಲಸ ಮಾಡುತ್ತದಾ?

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಮಾಡುತ್ತದೆ. ಆದರೆ ಒಳಗಿನ ವೃತ್ತ ಏನು ಅನ್ನುವುದರ ಮೇಲೆ ಎರಡು ಬೇರೆ ಲೆಕ್ಕ ಇವೆ.

ಅದು ಬರೀ ಕಾಲ್ಪನಿಕ ಮೇಲ್ಮೈ ಆಗಿದ್ದರೆ ಒಳಗೆ ಇರುವುದು ಈಗಲೂ 1 nC. ಫ್ಲಕ್ಸ್ ಈಗಲೂ 113. ಆದರೆ ಅದನ್ನು ವಿಸ್ತೀರ್ಣದಿಂದ ಭಾಗಿಸಿ ಫೀಲ್ಡ್ ಅನ್ನಬೇಡ. ಬಲ ತುದಿ Oದಿಂದ 8 cm, ಅಲ್ಲಿ ಫೀಲ್ಡ್ 5760. ಎಡ ತುದಿ 2 cm, ಅಲ್ಲಿ 1440. ಮೇಲ್ಮೈ ಮೇಲೆ E ಒಂದೇ ಇಲ್ಲ, ಎಲ್ಲಾ ಕಡೆ ನೇರವಾಗಿಯೂ ಇಲ್ಲ. ನಿಯಮ ಸುಳ್ಳಾಗಲಿಲ್ಲ, ಅದರಿಂದ E ಹೊರತೆಗೆಯುವ ದಾರಿ ಮುಚ್ಚಿತು ಅಷ್ಟೇ. ಸಮಮಿತಿಗೆ ಹೊಂದುವ ಮೇಲ್ಮೈಯನ್ನು ನಾವೇ ಆರಿಸಬೇಕು ಅನ್ನುವುದು ಇದಕ್ಕೇ.

ಅದು ಕೊರೆದು ತೆಗೆದ ಪೊಳ್ಳು ಆಗಿದ್ದರೆ ಬೇರೆ ದಾರಿ. ತುಂಬಿದ ಗೋಳದ ಫೀಲ್ಡ್‌ನಿಂದ ಕೊರೆದ ಭಾಗದ ಫೀಲ್ಡ್ ಕಳೆ. ಎರಡೂ ತಮ್ಮ ತಮ್ಮ ಕೇಂದ್ರದಿಂದ ಸೆಂಟಿಮೀಟರ್‌ಗೆ 720ರಂತೆ ಏರುತ್ತವೆ. ವೆಕ್ಟರ್ ಆಗಿ ಕಳೆದರೆ ಉಳಿಯುವುದು ಎರಡು ಕೇಂದ್ರಗಳ ನಡುವಿನ ದೂರ ಮಾತ್ರ, 3 cm. ಪೊಳ್ಳಿನೊಳಗೆ ಎಲ್ಲಿ ನಿಂತರೂ ಫೀಲ್ಡ್ 2160, ದಿಕ್ಕು ಬಲಕ್ಕೆ. ಪೊಳ್ಳು ಸರಿಯಾಗಿ ನಡುವೆ ಇದ್ದರೆ ಆ ದೂರ ಸೊನ್ನೆ, ಫೀಲ್ಡೂ ಸೊನ್ನೆ. ಒಂದು ಎಚ್ಚರ: ಈಗ 8 nC ಉಳಿದಿಲ್ಲ, 7 nC ಇದೆ. ρ ಮಾತ್ರ ಅದೇ.

ಕೆಸಿಇಟಿ ಗುರಿ

ಪೊಳ್ಳಿನೊಳಗೆ ಚಾರ್ಜೇ ಇಲ್ಲ, ಫ್ಲಕ್ಸ್ ಸೊನ್ನೆ, ಆದರೂ ಫೀಲ್ಡ್ 2160 ಅಂತೀರಾ?

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಹೌದು. ಎಡಗಡೆಯಿಂದ ಒಳಬಂದ ಫ್ಲಕ್ಸ್ ಪೂರ್ತಿ ಬಲಗಡೆಯಿಂದ ಹೊರಹೋಗುತ್ತದೆ. ಮೇಲೆ 900 ಬಂದ ಉದಾಹರಣೆಯಲ್ಲೂ ಇದೇ ಆಗಿತ್ತು.

ಕೆಸಿಇಟಿ ಗುರಿ

ಲೆಕ್ಕ ಒಪ್ಪಿದೆ. ಆದರೆ ಪಿಯು ಹಾಳೆಯಲ್ಲಿ ಇಂಥದ್ದು ಕೇಳಿರುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಫ್ಲಕ್ಸ್ ಪ್ರಶ್ನೆಯೇ ಇರಬೇಕು, ಉತ್ತರ 113.

ಐದನೇ ಸೆಮ್, ಇಇ

ಜೆಇಇ ಅಭ್ಯಾಸದ ಹಾಳೆಗಳಲ್ಲಿ ಪೊಳ್ಳಿನ ಲೆಕ್ಕ ಬೇಕಾದಷ್ಟು ಸಿಗುತ್ತದೆ. ಒಳಗೆ + ಇಲ್ಲ ಅಂದರೆ ನಾನು ಪೊಳ್ಳು ಅಂತಲೇ ಓದುತ್ತೇನೆ. ಗೆರೆ ಚುಕ್ಕಿಯೋ ಪೂರ್ತಿಯೋ ಕಂಡರೆ ಜಗಳ ಮುಗಿಯುತ್ತದೆ. ಈ ಫೋಟೋದಲ್ಲಿ ಅದು ಕಾಣುವುದಿಲ್ಲ.

ಸೆಕೆಂಡ್ ಪಿಯು, ಬಸವನಗುಡಿ

ಸ್ನೇಹಿತೆಯನ್ನು ಕೇಳಿದೆ, ಹಾಳೆಯನ್ನು ಟ್ಯೂಷನ್‌ಗೆ ವಾಪಸ್ ಕೊಟ್ಟುಬಿಟ್ಟಿದ್ದಾಳಂತೆ. ಸೋಮವಾರ ಸಿಕ್ಕರೆ ಮೇಜಿನ ಮೇಲಿಟ್ಟು ನೇರವಾಗಿ ತೆಗೆದು ಹಾಕುತ್ತೇನೆ, ಮೊದಲ ಸಾಲೂ 20 cm ಪಕ್ಕದ ಪದವೂ ಕಾಣುವ ಹಾಗೆ. ಅಲ್ಲಿಯವರೆಗೆ (b)ಗೆ 113, 2160 ಎರಡನ್ನೂ ಕಾರಣ ಸಮೇತ ಬರೆದಿಟ್ಟುಕೊಂಡಿದ್ದೇನೆ.